ಎರಡು ಕಾಲಂ, ನಡುವೆ ಬಾಕ್ಸ್, ಅಂಚಿನಲ್ಲಿ ಅಡ್ಡ ಪಟ್ಟಿ: ಫೋಟೊದಿಂದ ತೆಗೆದ ಬರಹ ಕಲಸಿಹೋಗುತ್ತಿದೆ

ಕೊಪ್ಪದಹುಡುಗ (ವಿಜಯನಗರ)

ಮೂರು ರಾತ್ರಿ ಕೂತು ಸಾಕಾಗಿದೆ. ಅಪ್ಪ ಹಳೆಯ ಕೃಷಿ ಪತ್ರಿಕೆಗಳ ಪುಟಗಳನ್ನು ಒಂದು ಫೈಲಿನಲ್ಲಿ ಅಂಟಿಸಿ ಇಟ್ಟಿದ್ದಾರೆ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಪುಟ ಈಗ ನನಗೆ ಇಂಗ್ಲಿಷ್‌ನಲ್ಲಿ ಬೇಕು. ತೋಟ ನೋಡಿಕೊಳ್ಳುವ ಅತ್ತಿಗೆ ಪುಣೆಯವರು. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಪುಟದ ಫೋಟೊದಿಂದ ಟೆಸರಾಕ್ಟ್ ತಂತ್ರಾಂಶದಲ್ಲಿ ಬರಹ ತೆಗೆದು ಅನುವಾದಕ್ಕೆ ಕೊಟ್ಟೆ. ಇಂಗ್ಲಿಷ್ ಓದಲು ಚೆನ್ನಾಗಿಯೇ ಇದೆ, ಆದರೆ ಹೇಳಿರುವುದು ತಪ್ಪು. ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಸುರಿಯಿರಿ ಅಂತ ಬಂದಿದೆ. ಅಪ್ಪ ಯಾವತ್ತೂ ಹಾಗೆ ಮಾಡಿದವರಲ್ಲ. ಬೇರೆ ಅನುವಾದದ ತಂತ್ರಾಂಶ ಯಾವುದು ಒಳ್ಳೆಯದು ಹೇಳಿ.

ತಿರುಗುಪಟ

ಫೋನ್ ಅಡ್ಡ ಹಿಡಿದು ತೆಗೆದಿದ್ದೀರಾ? ಹಾಗಿದ್ದರೆ ಫೋಟೊ ಒಳಗೆ ಎಕ್ಸಿಫ್ ಎಂಬ ಗುರುತಿರುತ್ತದೆ. ಗ್ಯಾಲರಿ ಅದನ್ನು ನೋಡಿ ನೆಟ್ಟಗೆ ತೋರಿಸುತ್ತದೆ. ಟೆಸರಾಕ್ಟ್ ಆ ಗುರುತನ್ನು ನೋಡುವುದೇ ಇಲ್ಲ. ನಿಮ್ಮ ಕಣ್ಣಿಗೆ ನೆಟ್ಟಗಿರುವ ಪುಟ ಅದಕ್ಕೆ ಮಲಗಿರುತ್ತದೆ. ಮೊದಲು ಇದನ್ನು ಮಾಡಿ:

```
magick photo.jpg -auto-orient puta.jpg
```

ಕೊಪ್ಪದಹುಡುಗ

ಮಾಡಿದೆ ಸರ್. ಏನೂ ಬದಲಾಗಲಿಲ್ಲ. ಒಂದು ಸಾಲು ಹೀಗಿದೆ: "ಕೊಳೆರೋಗ ಬಿಡದೆ ಸುರಿಯುವ ಮಳೆಯಲ್ಲಿ ಉದುರಿದ ಕಾಯಿಗಳನ್ನು ಆರಿಸಿ ಸುಡಬೇಕು".

ತಿರುಗುಪಟ

ವಾಟ್ಸಾಪ್‌ನಲ್ಲಿ ಬಂದ ಫೋಟೊ ಇರಬೇಕು. ಅದರಲ್ಲಿ ಆ ಗುರುತು ಅಳಿಸಿಹೋಗಿರುತ್ತದೆ. ಕೈಯಲ್ಲೇ 90 ಡಿಗ್ರಿ ತಿರುಗಿಸಿ ನೋಡಿ. ಆಗದಿದ್ದರೆ 270.

ಮೇಲಿನಕೊಪ್ಪ ಅಜ್ಜ

ಸುಣ್ಣದ ನೀರಿಗೆ ಮೈಲುತುತ್ತದ ನೀರು ಹಾಕಬೇಕು ಮಾರಾಯ, ಉಲ್ಟಾ ಅಲ್ಲ. ಇಲ್ಲವೇ ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಸುರಿಯಬೇಕು. ನಾವು ಮೂರನೇ ಡ್ರಮ್ಮಿನಲ್ಲೇ ಮಾಡುವುದು. ನನ್ನ ಮೊಬೈಲಿನಲ್ಲಿ ಬಸ್ ಬೋರ್ಡ್ ತೋರಿಸಿದರೆ ಕೂಡಲೇ ಇಂಗ್ಲಿಷ್ ಆಗುತ್ತದೆ. ನೀನೂ ಅದನ್ನೇ ಹಾಕು.

ಲಿಪಿಗಾರ್ತಿ

ಅಜ್ಜ, ಬಸ್ ಬೋರ್ಡಿನಲ್ಲಿ ಇರುವುದು ಒಂದೆರಡು ಸಾಲು. ಅಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಯೇ ಬರುವುದಿಲ್ಲ. ಇದು ಪತ್ರಿಕೆಯ ಪುಟ.

ತಿರುಗುಪಟ ಅವರೇ, ಅವರು ಕೊಟ್ಟ ಸಾಲನ್ನು ಇನ್ನೊಮ್ಮೆ ಓದಿ. ಪುಟ ಮಲಗಿದ್ದರೆ ಅಕ್ಷರಗಳೇ ಹಾಳಾಗಿ ಬರುತ್ತವೆ, ಒಂದು ಪದವೂ ಸರಿ ಇರುವುದಿಲ್ಲ. ಇಲ್ಲಿ ಪ್ರತಿ ಪದವೂ ಸರಿ ಇದೆ. "ಕೊಳೆರೋಗ ಬಿಡದೆ ಸುರಿಯುವ ಮಳೆಯಲ್ಲಿ" ಎಂಬುದು ಎಡ ಕಾಲಮಿನ ಸಾಲು. "ಉದುರಿದ ಕಾಯಿಗಳನ್ನು ಆರಿಸಿ ಸುಡಬೇಕು" ಎಂಬುದು ಬಲ ಕಾಲಮಿನ ಸಾಲು. ಎರಡೂ ಅಂಟಿಕೊಂಡಿವೆ. ಅಂಟಿದ ಮೇಲೂ ಅದು ವಾಕ್ಯದಂತೆಯೇ ಕೇಳುತ್ತದೆ. ಅನುವಾದಕ್ಕೆ ಹೋದರೆ ಇನ್ನೂ ನುಣ್ಣಗಾಗಿ ತಪ್ಪು ಮುಚ್ಚಿಹೋಗುತ್ತದೆ. ಆದ್ದರಿಂದ ಕೊಪ್ಪದಹುಡುಗ ಅವರೇ, ಅನುವಾದದ ತಂತ್ರಾಂಶ ಬದಲಿಸಬೇಡಿ. ನೀವು ಕೊಟ್ಟ ಕಮ್ಯಾಂಡ್ ಪೂರ್ತಿ ಹಾಕಿ.

ಕೊಪ್ಪದಹುಡುಗ

ಎಲ್ಲರೂ ಕೊಡುವಂಥದ್ದೇ ಮೇಡಂ:

```
tesseract puta.jpg puta -l kan --psm 6
```

ಲಿಪಿಗಾರ್ತಿ

ಸಿಕ್ಕಿತು. `--psm 6` ಅಂದರೆ "ಇಡೀ ಚಿತ್ರ ಒಂದೇ ಬರಹದ ತುಂಡು" ಅಂತ ನೀವೇ ಹೇಳಿಕೊಟ್ಟ ಹಾಗೆ. ಅದು ಕಾಲಂ ಹುಡುಕುವುದೇ ಇಲ್ಲ. ಎಡದಿಂದ ಬಲಕ್ಕೆ ಸೀದಾ ಓದಿಕೊಂಡು ಹೋಗುತ್ತದೆ. ಒಂದೇ ಪ್ಯಾರಾ ಕತ್ತರಿಸಿ ಕೊಟ್ಟಾಗ ಅದು ಒಳ್ಳೆಯದು. ಈಗ 3 ಹಾಕಿ. ಬರಹದ ಬದಲು ಪಟ್ಟಿ ಕೇಳಿ, ಯಾವ ತುಂಡು ಎಲ್ಲಿ ಇದೆ ಎಂದು ಗೊತ್ತಾಗುತ್ತದೆ:

```
tesseract puta.jpg puta -l kan --psm 3 tsv
```

ಅದರಲ್ಲಿ `block_num`, `left`, `top` ಈ ಮೂರನ್ನು ಮಾತ್ರ ಇಲ್ಲಿ ಹಾಕಿ. ಪುಟ ಹೇಗಿದೆ ಎಂದೂ ಬರೆಯಿರಿ.

ಎರಡುದೀಪ (ಬಸವನಗುಡಿ)

ಫೋಟೊ ಸರಿ ಇದ್ದರೆ ಇಷ್ಟೆಲ್ಲ ಪಾಡು ಬೇಡ. ನಾನು ಕ್ಯಾಮೆರಾವನ್ನು ನೇರ ಕೆಳಮುಖವಾಗಿ ಸ್ಟ್ಯಾಂಡಿಗೆ ಹಾಕಿದ್ದೇನೆ. ಎರಡೂ ಬದಿ ಎಲ್‌ಇಡಿ ದೀಪ, 45 ಡಿಗ್ರಿ ಓರೆಯಲ್ಲಿ. ದೀಪಗಳನ್ನು ಎಸ್‌.ಪಿ. ರೋಡಿನಲ್ಲಿ ತಗೊಂಡೆ. ಪುಟದ ಮೇಲೆ ಗಾಜು. ನಮ್ಮ ತಾತನ ಸಂಗ್ರಹದಲ್ಲಿ 600 ಪುಟ ಮುಗಿಸಿದೆ, ಒಂದೂ ಓರೆ ಇಲ್ಲ. ಬೇಕಾದರೆ ಸ್ಟ್ಯಾಂಡಿನ ಅಳತೆ ಕೊಡುತ್ತೇನೆ.

ತಿರುಗುಪಟ

ಗಾಜು ಹಾಕಿದರೆ ದೀಪ ಹೊಳೆಯುವುದಿಲ್ಲವೇ?

ಎರಡುದೀಪ

45 ಡಿಗ್ರಿ ಇದ್ದರೆ ಹೊಳೆಯುವುದಿಲ್ಲ. ಮೇಲಿನ ಟ್ಯೂಬ್‌ಲೈಟ್ ಆರಿಸಬೇಕು ಅಷ್ಟೇ.

ಕೊಪ್ಪದಹುಡುಗ

ಪುಟದ ಮೇಲೆ ಅಡ್ಡಲಾಗಿ ತಲೆಬರಹ. ಕೆಳಗೆ ಎರಡು ಕಾಲಂ. ಪುಟದ ನಡುವೆ ಎರಡೂ ಕಾಲಮಿಗೆ ಅಡ್ಡವಾಗಿ ಒಂದು ಬೂದು ಬಣ್ಣದ ಬಾಕ್ಸ್, ಅದರಲ್ಲಿ ದ್ರಾವಣ ಮಾಡುವ 6 ಹಂತ. ಎಡ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ಓದುವ ಒಂದು ಸಾಲು ಇದೆ. ಅದು ಸುಮ್ನೆ ಅಲಂಕಾರ ಅಂತ ಮೊದಲು ಹೇಳಲಿಲ್ಲ.

```
block  left   top
1       420   210
2       410   720
3      1690   715
4       400  1900
5       410  2650
6      1680  2660
```

ಕಾಲಂ ಈಗ ಬೇರೆ ಬೇರೆ ಆಗಿವೆ. ಆದರೂ ಲೇಖನ ಅರ್ಧದಲ್ಲಿ ಎಲ್ಲೋ ಹಾರುತ್ತದೆ.

ಲಿಪಿಗಾರ್ತಿ

2 ಅಂದರೆ ಬಾಕ್ಸಿನ ಮೇಲಿನ ಎಡ ತುಂಡು, 3 ಮೇಲಿನ ಬಲ ತುಂಡು, 4 ಬಾಕ್ಸ್, 5 ಕೆಳಗಿನ ಎಡ, 6 ಕೆಳಗಿನ ಬಲ. ಎರಡು ಕಾಲಮಿಗೂ ಅಡ್ಡ ಬಂದ ಯಾವುದನ್ನೇ ಆಗಲಿ ಟೆಸರಾಕ್ಟ್ ಗೋಡೆ ಅಂತ ತಿಳಿಯುತ್ತದೆ. ಗೋಡೆಯ ಮೇಲಿನದೆಲ್ಲ ಓದಿ ಮುಗಿಸಿ, ಆಮೇಲೆ ಕೆಳಕ್ಕೆ ಇಳಿಯುತ್ತದೆ. ತಲೆಬರಹ ಆಗಿದ್ದರೆ ಅದು ಸರಿ, ಕೆಳಗೆ ಹೊಸ ಲೇಖನ ಶುರುವಾಗಿರುತ್ತದೆ. ಅದು ಲೇಖನದ ನಡುವೆ ಇಟ್ಟ ಬಾಕ್ಸ್ ಆಗಿದ್ದರೆ ತಪ್ಪು.

ಯಾವುದು ಅಂತ ಚಿತ್ರ ನೋಡಿ ತೀರ್ಮಾನ ಮಾಡಬೇಡಿ, ಮಾತು ನೋಡಿ ಮಾಡಿ. 2ರ ಕೊನೆಯ ಸಾಲು ಬರೆಯಿರಿ. 3ರ ಮೊದಲ ಸಾಲು, 5ರ ಮೊದಲ ಸಾಲು ಬರೆಯಿರಿ. ಯಾವುದು ಜೋಡಿಯಾಗುತ್ತದೆ ನೋಡೋಣ.

ಕೊಪ್ಪದಹುಡುಗ

2ರ ಕೊನೆ: "ಮೊದಲ ಸಿಂಪರಣೆಯನ್ನು ಮುಂಗಾರು ಶುರುವಾ"
3ರ ಮೊದಲು: "ಉದುರಿದ ಕಾಯಿಗಳನ್ನು ಆರಿಸಿ ಸುಡಬೇಕು."
5ರ ಮೊದಲು: "ಗುವ ಮೊದಲೇ ಮುಗಿಸಬೇಕು. ಎರಡನೆಯದನ್ನು 40ರಿಂದ 45 ದಿನ ಬಿಟ್ಟು"

ಅಯ್ಯೋ, ಇದು ನನಗೆ ಕಂಡೇ ಇರಲಿಲ್ಲ.

ಲಿಪಿಗಾರ್ತಿ

"ಶುರುವಾ" ಮತ್ತು "ಗುವ". ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾಗಿಲ್ಲ. ಕನ್ನಡ ಪತ್ರಿಕೆಗಳಲ್ಲಿ ಸಾಲಿನ ಕೊನೆಯಲ್ಲಿ ಪದವನ್ನು ಅಡ್ಡಗೆರೆ ಇಲ್ಲದೆಯೂ ಮುರಿಯುತ್ತಾರೆ. ಆ ಮುರಿದ ತುದಿ ಎಲ್ಲಿ ಕೂಡುತ್ತದೆಯೋ ಅದೇ ಮುಂದಿನ ತುಂಡು. ಎಡ ಕಾಲಂ ಬಾಕ್ಸನ್ನು ದಾಟಿ ಕೆಳಗಿನ ತನಕ ಹೋಗುತ್ತದೆ, ಆಮೇಲೆ ಬಲ ಕಾಲಮಿನ ತುದಿಗೆ ಏರುತ್ತದೆ. ನಿಮ್ಮ ಕ್ರಮ 1, 2, 5, 3, 6. 5ರ ಕೊನೆಯೂ 3ರ ಮೊದಲೂ ಕೂಡುತ್ತವೆಯೇ ಎಂದು ಇದೇ ರೀತಿ ನೋಡಿಕೊಳ್ಳಿ. ಪದ ಮುರಿಯದಿದ್ದರೆ ಕ್ರಿಯಾಪದ ನೋಡಿ. ತುಂಡಿನ ಕೊನೆಯಲ್ಲಿ ಕ್ರಿಯಾಪದ ಬಂದು ಪೂರ್ಣವಿರಾಮ ಬಿದ್ದಿದ್ದರೆ ಮಾತ್ರ ಅನುಮಾನಕ್ಕೆ ಜಾಗ ಇರುತ್ತದೆ.

ಪುಟಕಟ್ಟುವವ (ಚಾಮರಾಜಪೇಟೆ)

ನಾನು 20 ವರ್ಷ ಪ್ರೆಸ್‌ನಲ್ಲಿ ಪುಟ ಕಟ್ಟಿದವನು. ಮೇಡಂ ಹೇಳಿದ್ದು ಸರಿ. ಲೇಖನ ಹರಿದ ಮೇಲೆ ಜಾಗ ನೋಡಿ ಬಾಕ್ಸ್ ಇಡುತ್ತಿದ್ದೆವು, ಬರಹ ಅದರ ಸುತ್ತ ಹರಿಯುತ್ತಿತ್ತು. ಅದಕ್ಕೆ ಅದು ಎಲ್ಲಿ ಕೂತಿದೆ ಎಂಬುದಕ್ಕೆ ಅರ್ಥ ಇಲ್ಲ. ಆದರೆ ಲೇಖನದಲ್ಲಿ "ಬಾಕ್ಸ್ ನೋಡಿ" ಅಂತ ಇದ್ದರೆ ಆ ಪ್ಯಾರಾ ಮುಗಿದ ಕೂಡಲೇ ಬಾಕ್ಸ್ ಬರಬೇಕು.

ಲಿಪಿಗಾರ್ತಿ

ಅದನ್ನು ನಾನು ಒಪ್ಪುವುದಿಲ್ಲ ಸರ್. ನಡುವೆ ತೂರಿಸಿದರೆ ಅನುವಾದ ಮತ್ತೆ ಅದನ್ನು ಪ್ಯಾರಾ ಜೊತೆ ಬೆಸೆಯಬಹುದು. ಬಾಕ್ಸನ್ನು ಬೇರೆಯಾಗಿಯೇ ಅನುವಾದ ಮಾಡಿ, ತಲೆಬರಹ ಕೊಟ್ಟು ಕೊನೆಗೆ ಇಡುವುದೇ ಮೇಲು.

ಪುಟಕಟ್ಟುವವ

ಬೇರೆಯಾಗಿ ಅನುವಾದ ಮಾಡಿ, ಸರಿ. ಆದರೆ ಓದುವ ಹೆಂಗಸು ತೋಟದಲ್ಲಿ ನಿಂತು ಕೊನೆಯ ಪುಟ ಹುಡುಕಬೇಕೇ? ಜಾಗ ಪ್ಯಾರಾ ಪಕ್ಕವೇ.

ಕೊಪ್ಪದಹುಡುಗ

ನಿಮ್ಮಿಬ್ಬರ ವಾದ ಆಮೇಲೆ ನೋಡುತ್ತೇನೆ. ಲೇಖನ ಈಗ ಸರಿ ಬಂತು, ತುಂಬಾ ಥ್ಯಾಂಕ್ಸ್. ಬಾಕ್ಸ್ ಮಾತ್ರ ಇನ್ನೂ ಕಲಸಿದೆ: "ಮೈಲುತುತ್ತ ೧ ಕೆ.ಜಿ.ಯನ್ನು ಸುಣ್ಣದ ನೀರಿಗೆ ಮೈಲುತುತ್ತದ".

ಲಿಪಿಗಾರ್ತಿ

ಬಾಕ್ಸಿನ ಒಳಗೂ ಎರಡು ಕಾಲಂ ಇದೆ, ಅಲ್ವಾ? ಎಡಕ್ಕೆ 1, 2, 3. ಬಲಕ್ಕೆ 4, 5, 6. ನಡುವಿನ ಸಂದು ಕಿರಿದು, ಹಿಂದೆ ಬೂದು ಬಣ್ಣ ಬೇರೆ. ಅಲ್ಲಿ ಅಡ್ಡ ಓದಿಬಿಟ್ಟಿದೆ. ನಿಮ್ಮ ಸುಣ್ಣದ ಕಥೆ ಉಲ್ಟಾ ಆಗಿದ್ದು ಇಲ್ಲೇ. ಎರಡು ಅರ್ಧಗಳನ್ನು ಕೈಯಲ್ಲೇ ಕತ್ತರಿಸಿ, ಒಂದೊಂದಕ್ಕೂ `--psm 6` ಕೊಡಿ. ಈಗ ಅದು ನಿಜವಾಗಿಯೂ ಒಂದೇ ತುಂಡು.

ಅಂಚಿನ ಸಾಲನ್ನು ಬಿಡಬೇಡಿ. ತಿರುಗುಪಟ ಅವರ ಮಾತು ಕೆಲಸಕ್ಕೆ ಬರುವುದು ಅಲ್ಲಿ. ಟೆಸರಾಕ್ಟ್ ದಿಕ್ಕು ನೋಡುವಾಗ ಇಡೀ ಪುಟಕ್ಕೆ ಒಂದೇ ಉತ್ತರ ಕೊಡುತ್ತದೆ. ಪುಟ ನೆಟ್ಟಗಿದೆ ಅಂದರೆ ಮುಗಿಯಿತು, ಅಂಚಿನಲ್ಲಿ ಮಲಗಿದ ಸಾಲು ಕಸವಾಗುತ್ತದೆ ಇಲ್ಲವೇ ಕಾಣುವುದೇ ಇಲ್ಲ. ಕೆಳಗಿನಿಂದ ಮೇಲಕ್ಕೆ ಓದುವ ಸಾಲನ್ನು ಗಡಿಯಾರದ ದಿಕ್ಕಿಗೆ 90 ತಿರುಗಿಸಬೇಕು:

```
magick puta.jpg -crop 220x2600+100+800 +repage -rotate 90 patti.png
tesseract patti.png patti -l kan --psm 7
```

7 ಅಂದರೆ ಒಂದೇ ಸಾಲು. ಅಳತೆ ನಿಮ್ಮ ಫೋಟೊಗೆ ತಕ್ಕ ಹಾಗೆ ಬದಲಿಸಿಕೊಳ್ಳಿ.

ತಿರುಗುಪಟ

ನಾನು ಇದನ್ನೇ ತಾನೇ ಹೇಳಿದ್ದು?

ಲಿಪಿಗಾರ್ತಿ

ನೀವು ಇಡೀ ಪುಟ ತಿರುಗಿಸಲು ಹೇಳಿದಿರಿ. ಇಲ್ಲಿ ತಿರುಗಬೇಕಾದ್ದು ಒಂದು ಪಟ್ಟಿ.

ಕೊಪ್ಪದಹುಡುಗ

ಅಲಂಕಾರ ಅಂದುಕೊಂಡ ಸಾಲು ಇದು: "ತಯಾರಿಸಿದ ದ್ರಾವಣವನ್ನು ಅಂದೇ ಬಳಸಿ ಮುಗಿಸಿ". ಇದನ್ನು ಬಿಟ್ಟು ಅತ್ತಿಗೆಗೆ ಕಳಿಸುತ್ತಿದ್ದೆ.

ಬಾಕ್ಸ್ ಹೀಗೆ ಬಂತು. ಮೈಲುತುತ್ತ ೧ ಕೆ.ಜಿ. ೫ಂ ಲೀಟರ್ ನೀರಿನಲ್ಲಿ ಕರಗಿಸುವುದು. ಇನ್ನೊಂದು ಪಾತ್ರೆಯಲ್ಲಿ ಸುಣ್ಣ ೧ ಕೆ.ಜಿ. ೫೦ ಲೀಟರ್. ಬಟ್ಟೆಯಲ್ಲಿ ಸೋಸುವುದು. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಸುರಿಯುವುದು. ಕಬ್ಬಿಣದ ಚೂರಿ ಅದ್ದುವುದು. ಚೂರಿಗೆ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸುವುದು. ಆದರೆ ಇಂಗ್ಲಿಷ್‌ನಲ್ಲಿ ಮೊದಲನೆಯದು 5 ಲೀಟರ್ ಅಂತ ಬಂದಿದೆ.

ಲಿಪಿಗಾರ್ತಿ

ನೀವು ಅಂಟಿಸಿದ್ದರಲ್ಲೇ ಇದೆ. ಮೊದಲನೆಯದು "೫ಂ", ಎರಡನೆಯದು "೫೦". ಒಂದರಲ್ಲಿ ಸೊನ್ನೆಯ ಬದಲು ಅನುಸ್ವಾರ ಕೂತಿದೆ. ಕಣ್ಣಿಗೆ ಎರಡೂ ಹತ್ತಿರ ಹತ್ತಿರ ಒಂದೇ. ಅನುವಾದ ಆ ಬಿಂದುವನ್ನು ಎಸೆದಿದೆ. ಅಳತೆ ಇರುವ ಪ್ರತಿ ಕಡೆ ಫೋಟೊ ಪಕ್ಕ ಇಟ್ಟು ನೋಡಿ, ಅಂಕಿಗಳನ್ನು 50 ಅಂತ ಕೈಯಲ್ಲಿ ಬರೆದು ಆಮೇಲೆ ಅನುವಾದಕ್ಕೆ ಕೊಡಿ. ಹಾಗೇ ತುಂಡಿನ ಒಳಗೆ ಸಾಲು ಮುರಿದಿರುವುದನ್ನೆಲ್ಲ ಕೂಡಿಸಿ ಒಂದೇ ಉದ್ದ ಪ್ಯಾರಾ ಮಾಡಿ. ಇಲ್ಲದಿದ್ದರೆ ಪ್ರತಿ ಸಾಲನ್ನೂ ಒಂದು ವಾಕ್ಯ ಅಂತ ಹಿಡಿಯಬಹುದು.

ಮೇಲಿನಕೊಪ್ಪ ಅಜ್ಜ

ಒಟ್ಟು 100 ಲೀಟರ್ ಆಗಬೇಕು, ಅದಕ್ಕೇ ಅರ್ಧ ಅರ್ಧ. ಲೆಕ್ಕ ಕೂಡಿತಲ್ಲ, ಸರಿ ಇದೆ. ಮೂರನೇ ಡ್ರಮ್ಮಿನ ವಿಷಯ ಆ ಪುಟದಲ್ಲಿ ಬರೆದಿಲ್ಲವೇ?

ಕೊಪ್ಪದಹುಡುಗ

ಇಲ್ಲ ಅಜ್ಜ. ಎರಡನೇ ಪುಟದಲ್ಲಿ ಇರಬಹುದು. ಆ ಪುಟಕ್ಕೂ ಇದೇ ಕಮ್ಯಾಂಡ್ ಕೊಟ್ಟೆ, ಬಲ ಕಾಲಮೇ 9 ಚೂರಾಗಿದೆ. ಫೈಲಿನ ಬೆನ್ನಿನ ಹತ್ತಿರ ಕಾಗದ ಬಾಗಿದೆ.

ಲಿಪಿಗಾರ್ತಿ

ಸಾಲುಗಳ ಎಡ ಅಂಚು ಒಂದೇ ನೇರದಲ್ಲಿ ಇದ್ದರೆ ಮಾತ್ರ ಅದು ಕಾಲಂ ಅಂತ ಗುರುತಿಸುತ್ತದೆ. ಬಾಗಿದಲ್ಲಿ ಅಂಚು ಓಲಾಡುತ್ತದೆ, ಅದಕ್ಕೇ ಚೂರು. ಇದನ್ನು ಕಮ್ಯಾಂಡಿನಲ್ಲಿ ಸರಿ ಮಾಡಲು ಹೋಗಬೇಡಿ, ಮತ್ತೆ ಫೋಟೊ ತೆಗೆಯಿರಿ. ಎರಡುದೀಪ ಅವರು ಹೇಳಿದ ಗಾಜು ಇಲ್ಲಿ ಬೇಕು.

ಎರಡುದೀಪ

5 ಎಂಎಂ ಗಾಜು ಸಾಕು, ಅಂಚು ಉಜ್ಜಿಸಿ ತಗೊಳ್ಳಿ. ಮೊಬೈಲನ್ನು ಪುಟದ ನಡುವಿಗೆ ನೇರ ಮೇಲೆ ಹಿಡಿಯಿರಿ.

ಕೊಪ್ಪದಹುಡುಗ

ಫೈಲ್ ಊರಿನಲ್ಲೇ ಇದೆ. ಭಾನುವಾರ ಹೋಗುತ್ತೇನೆ. ಗಾಜು ಇಲ್ಲಿಂದಲೇ ಒಯ್ಯಬೇಕು, ಬಸ್ಸಿನಲ್ಲಿ ಹೇಗೆ ಅಂತ ನೋಡುತ್ತೇನೆ.