“ತಡವಾಯಿತು” ಎಂದು ಬರೆಯಲೇ, “ತಡ ಮಾಡಿದೆ” ಎಂದು ಬರೆಯಲೇ?

ಸಾಗರದ ತೋಟಿಗ: ಮೇ ಕೊನೆಯಲ್ಲಿ ಗೆಳೆಯನ ಔಷಧಿ ಹೊಡೆಯುವ ಪಂಪನ್ನು ಎರಡು ದಿನಕ್ಕೆಂದು ತಂದೆ. ಹಿಂದಕ್ಕೆ ಕೊಟ್ಟದ್ದು 17ನೆಯ ದಿನ. ಅಷ್ಟರಲ್ಲಿ ಮಳೆ ಹಿಡಿದು ಅವನ ಮೊದಲ ಸುತ್ತಿನ ಬೋರ್ಡೋ ಔಷಧಿ ತಪ್ಪಿತು. ಈಗ ಅವನ ಅಡಿಕೆಗೆ ಕೊಳೆರೋಗ ಬಂದಿದೆ. ಒಂದನೇ ತರಗತಿಯಿಂದ ಜೊತೆಗಿದ್ದವನು, ಮೂರು ವಾರದಿಂದ ಮಾತಿಲ್ಲ. ಎರಡು ಪತ್ರ ಬರೆದೆ, ಎರಡೂ ಸರಿ ಕಾಣುತ್ತಿಲ್ಲ.

ಒಂದು: “ಪಂಪು ಕೊಡುವುದು ತಡವಾಯಿತು. ನಿನಗೆ ಬೇಸರವಾಗಿದ್ದರೆ ಕ್ಷಮಿಸು. ಆದರೆ ವಾಷರ್ ಹೋಗಿ ಶಿವಮೊಗ್ಗಕ್ಕೆ ರಿಪೇರಿಗೆ ಕಳಿಸಬೇಕಾಯಿತು. ನೀನೂ ಒಂದು ಫೋನ್ ಮಾಡಬಹುದಿತ್ತು.”

ಇನ್ನೊಂದು: “ನನ್ನಂಥ ಪಾಪಿ ಇಲ್ಲ. ನಿನ್ನ ಮುಖ ನೋಡುವ ಯೋಗ್ಯತೆ ನನಗಿಲ್ಲ. ಕಾಲಿಗೆ ಬೀಳುತ್ತೇನೆ, ಕ್ಷಮಿಸಿದೆ ಎಂದು ಒಂದು ಮಾತು ಹೇಳು, ರಾತ್ರಿ ನಿದ್ದೆ ಬರುತ್ತಿಲ್ಲ.”

ಯಾವುದನ್ನು ಕಳಿಸಲಿ?

ಜಗಲಿಕಟ್ಟೆ: ಎರಡೂ ಬೇಡ. ಅಷ್ಟು ಹಳೆಯ ಸ್ನೇಹದಲ್ಲಿ ಪತ್ರವೇಕೆ? ಸಂಜೆ ಅವನ ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಕವಳ ಹಾಕಿ. ಕವಳದ ತಟ್ಟೆ ನಡುವೆ ಬಂದರೆ ಮಾತು ತಾನಾಗಿ ಬರುತ್ತದೆ.

ಹೊಸನಗರದ ಅಕ್ಕ: ಎರಡನೆಯದನ್ನು ಮಾತ್ರ ಕಳಿಸಬೇಡಿ ತಮ್ಮಾ. ನನ್ನ ಗೆಳತಿ ನನ್ನ ಮಗಳ ಮದುವೆಗೆ ಬಾರದೆ, ಆಮೇಲೆ ಬಂದು ಇದೇ ಧಾಟಿಯಲ್ಲಿ ಅತ್ತಳು. ನೊಂದವಳು ನಾನು. ಆದರೆ ನಾನೇ ಅವಳ ಕಣ್ಣೊರೆಸಿ, ಕಾಫಿ ಮಾಡಿಕೊಟ್ಟು, “ಏನೂ ಆಗಲಿಲ್ಲ ಬಿಡೇ” ಎಂದು ಬೆನ್ನು ಸವರಿ ಕಳಿಸಬೇಕಾಯಿತು. ನನ್ನ ನೋವನ್ನು ಹೇಳಿಕೊಳ್ಳಲು ಸಂದರ್ಭವೇ ಸಿಗಲಿಲ್ಲ. ಎಂಟು ವರ್ಷವಾಯಿತು, ಅದು ಇನ್ನೂ ಹಾಗೇ ಇದೆ.

ಮಳೆನಾಡು ಕೃಷಿಕ: ಕೊಳೆಗೆ ಈಗಲೂ ಸಮಯ ಮೀರಿಲ್ಲ. ಉದುರಿದ ಕಾಯನ್ನೆಲ್ಲ ಹೆಕ್ಕಿ ತೋಟದಿಂದ ಹೊರಗೆ ಹಾಕಿಸಿ, ಮಳೆ ಹೊಳವಾದ ದಿನ ಔಷಧಿ ಹೊಡೆಸಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಬ್ಬಿಣದ ಚೂರಿ ಅದ್ದಿ ನೋಡಿ. ಕೆಂಪಡರಿದರೆ ಸುಣ್ಣ ಸಾಲದು.

ಸಾಗರದ ತೋಟಿಗ: ನಾನು ಕೇಳಿದ್ದು ಪತ್ರದ ವಿಚಾರ, ಆದರೂ ಉಪಕಾರವಾಯಿತು.

ತುಂಗೆಯ ದಂಡೆ: ನಾನು ಕುಟುಂಬದ ಜಗಳಗಳಲ್ಲಿ ಮಧ್ಯಸ್ಥಿಕೆ ಮಾಡುವವಳು. ಇಂಥ ಪತ್ರಗಳನ್ನು ಬಹಳ ಓದಿದ್ದೇನೆ. ನಾನು ಮೊದಲು ನೋಡುವುದು ಕ್ರಿಯಾಪದವನ್ನು. ನಮ್ಮ ಭಾಷೆಯಲ್ಲಿ ತಪ್ಪು ತಾನಾಗಿಯೇ ಆಗಿಬಿಡುತ್ತದೆ: ತಡವಾಯಿತು, ಮರೆತುಹೋಯಿತು, ಕಳಿಸಬೇಕಾಯಿತು. ನಿಮ್ಮ ಮೊದಲ ಪತ್ರದಲ್ಲಿ ‘ನಾನು’ ಎಂಬ ಮಾತೇ ಇಲ್ಲ. ಏನಾದರೂ ಮಾಡಬಹುದಾಗಿದ್ದ ಒಬ್ಬನೇ ಮನುಷ್ಯ ಅವನು, ಫೋನ್ ಮಾಡದವನು. “ಬೇಸರವಾಗಿದ್ದರೆ” ಎಂಬ ‘ರೆ’ ಇನ್ನೂ ಕೆಟ್ಟದ್ದು. ಮೂರು ವಾರ ಮಾತು ಬಿಟ್ಟವನಿಗೆ ಬೇಸರವಾಗಿದೆಯೋ ಇಲ್ಲವೋ ಎಂಬ ಸಂಶಯ ನಿಮಗೆ ನಿಜವಾಗಿ ಇದೆಯೇ?

ಇನ್ನು ಒಂದು ಪ್ರಶ್ನೆ. ಪಂಪು ಕೆಟ್ಟದ್ದು ಯಾವ ದಿನ? ರಿಪೇರಿಯಾಗಿ ಬಂದದ್ದು ಯಾವ ದಿನ?

ಸಾಗರದ ತೋಟಿಗ: ಕೆಟ್ಟದ್ದು ಎರಡನೆಯ ದಿನ. ಹೇಳಲು ಮುಜುಗರವಾಗಿ ಸುಮ್ಮನಿದ್ದೆ. ಬಂದದ್ದು ಹತ್ತನೆಯ ದಿನ. ನನ್ನ ತೋಟ ಅರ್ಧ ಉಳಿದಿತ್ತು, ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಅದನ್ನು ಮುಗಿಸಿ ಕೊಟ್ಟೆ.

ತುಂಗೆಯ ದಂಡೆ: ಹಾಗಾದರೆ ವಾಷರ್ ತೆಗೆದುಕೊಂಡದ್ದು ಎಂಟು ದಿನ, ಉಳಿದ ಏಳು ದಿನ ತೆಗೆದುಕೊಂಡವರು ನೀವು. ಈ ಮಾತು ಎರಡು ಪತ್ರದಲ್ಲೂ ಇಲ್ಲ. ಮೊದಲನೆಯದು ವಾಷರಿನ ಹಿಂದೆ ಅಡಗಿದೆ, ಎರಡನೆಯದು ‘ಪಾಪಿ’ಯ ಹಿಂದೆ. ‘ಪಾಪಿ’ ಎಂದುಬಿಟ್ಟರೆ ಯಾವ ಪಾಪ ಎಂದು ಹೇಳುವ ಕಷ್ಟ ತಪ್ಪುತ್ತದೆ. ನಿಮ್ಮ ತೋಟಕ್ಕೆ ಮೊದಲು ಔಷಧಿ ಬಿದ್ದದ್ದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಬೋರ್ಡೋ ಹೊಡೆದ ಗೊನೆಯ ನೀಲಿ ರಸ್ತೆಗೇ ಕಾಣುತ್ತದೆ.

ಜಗಲಿಕಟ್ಟೆ: ಅಂದರೆ ಕಾರಣವನ್ನೇ ಹೇಳಬಾರದೆಂದಾಯಿತು. ನಾನೂ ಅದನ್ನೇ ಒಪ್ಪುತ್ತೇನೆ. ಕಾರಣ ಹೇಳಿದರೆ ಅದು ನೆಪವೇ.

ತುಂಗೆಯ ದಂಡೆ: ಅಷ್ಟು ಕಟ್ಟುನಿಟ್ಟು ಬೇಡ. ಪಂಪು ಕೆಟ್ಟದ್ದನ್ನು ಪೂರ್ತಿ ಮುಚ್ಚಿಟ್ಟರೆ 17 ದಿನವೂ ಬೇಕೆಂದೇ ಇಟ್ಟುಕೊಂಡಂತಾಗುತ್ತದೆ, ಅದೂ ಸುಳ್ಳೇ. ಕಾರಣ ಎಲ್ಲಿ ಕೂರುತ್ತದೆ ಎಂಬುದು ಮುಖ್ಯ. “ತಪ್ಪಾಯಿತು, ಆದರೆ ಪಂಪು ಕೆಟ್ಟಿತ್ತು” ಎಂದರೆ ಕೊನೆಯಲ್ಲಿ ಕಿವಿಯಲ್ಲಿ ಉಳಿಯುವುದು ಪಂಪು. “ಪಂಪು ಕೆಟ್ಟಿತು, ನಿನಗೆ ತಿಳಿಸಲಿಲ್ಲ” ಎಂದರೆ ಉಳಿಯುವುದು ನೀವು ತಿಳಿಸದೆ ಇದ್ದದ್ದು. ಅವನಿಗೆ ಎರಡನೆಯ ದಿನವೇ ಹೇಳಿದ್ದರೆ ಬೇರೆ ಪಂಪನ್ನು ಬಾಡಿಗೆಗೆ ತರುತ್ತಿದ್ದ.

2016ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಜೊತೆಗಾರರು ಕ್ಷಮೆಯ ಮಾತುಗಳನ್ನು ಆರು ಭಾಗ ಮಾಡಿ, ಯಾವುದಕ್ಕೆ ತೂಕ ಹೆಚ್ಚು ಎಂದು ಜನರನ್ನು ಕೇಳಿ ನೋಡಿದರು. “ತಪ್ಪು ನನ್ನದು” ಎಂಬ ಒಪ್ಪಿಗೆಗೆ ಎಲ್ಲಕ್ಕಿಂತ ಹೆಚ್ಚು ತೂಕ ಬಂತು, ಸರಿಪಡಿಸುವ ಮಾತು ಎರಡನೆಯದು. “ನನ್ನನ್ನು ಕ್ಷಮಿಸು” ಎಂಬ ಬೇಡಿಕೆ ಎಲ್ಲಕ್ಕಿಂತ ಹಿಂದೆ ಉಳಿಯಿತು. ಅಲ್ಲಿ ಕೊಟ್ಟದ್ದು ಕೆಲಸಕ್ಕೆ ಅರ್ಜಿ ಹಾಕಿದ ಲೆಕ್ಕಿಗರ ಕಥೆ, ಬಾಲ್ಯದ ಗೆಳೆಯರದಲ್ಲ. ಹಾಗಿದ್ದರೂ ನನ್ನ ಅನುಭವಕ್ಕೆ ಅದು ಹೊಂದುತ್ತದೆ.

ಹೊಸನಗರದ ಅಕ್ಕ: ನನ್ನ ಗೆಳತಿಯೂ ಅದನ್ನೇ ಕೇಳಿದ್ದಳು, “ಕ್ಷಮಿಸಿದೆ ಎಂದು ಹೇಳು” ಎಂದು. ಬಾಗಿಲಲ್ಲಿ ನಿಂತು ಸಾಲ ವಸೂಲಿ ಮಾಡಿದ ಹಾಗಿತ್ತು.

ಸಾಗರದ ತೋಟಿಗ: ಮತ್ತೆ ಬರೆದೆ. “ಎರಡನೆಯ ದಿನ ಪಂಪು ಕೆಟ್ಟಿತು, ನಿನಗೆ ತಿಳಿಸಲಿಲ್ಲ. ಹತ್ತನೆಯ ದಿನ ರಿಪೇರಿಯಾಗಿ ಬಂತು, ಆಗಲೂ ನಿನಗೆ ಕೊಡದೆ ನನ್ನ ತೋಟ ಮುಗಿಸಿಕೊಂಡೆ. ನಿನ್ನ ಮೊದಲ ಸುತ್ತು ತಪ್ಪಿದ್ದು ನನ್ನಿಂದ. ಮಳೆ ಹೊಳವಾದ ದಿನ ಮರ ಹತ್ತಲು ಕೊನೆಗಾರನನ್ನು ಕರೆದುಕೊಂಡು, ಮೈಲುತುತ್ತ, ಸುಣ್ಣ ತೆಗೆದುಕೊಂಡು ಬರುತ್ತೇನೆ. ನೀನು ಬೇಡ ಎಂದರೆ ಬರುವುದಿಲ್ಲ. ನನ್ನಿಂದ ಬಹಳ ತಪ್ಪಾಯಿತು.”

ತುಂಗೆಯ ದಂಡೆ: ಕೊನೆಯ ಸಾಲಿನಲ್ಲಿ ತಪ್ಪು ಮತ್ತೆ ತಾನಾಗಿ ‘ಆಯಿತು’ ನೋಡಿ. “ತಪ್ಪು ಮಾಡಿದೆ” ಎಂದು ಬರೆಯಿರಿ, ಒಂದೇ ಸಲ. ‘ಬಹಳ’ ತೆಗೆಯಿರಿ, ಎಷ್ಟು ಎಂಬುದನ್ನು ಅವನು ಅಳೆಯಲಿ. ಉಳಿದದ್ದು ಸರಿಯಿದೆ.

ಮಳೆನಾಡು ಕೃಷಿಕ: ಹಾಳಾದ ಬೆಳೆಯ ಹಣ ಕೊಡುವುದಿಲ್ಲವೇ? ಔಷಧಿ ಹೊಡೆದರೆ ಉದುರಿದ ಕಾಯಿ ಮರಕ್ಕೆ ಹತ್ತುವುದಿಲ್ಲ.

ಜಗಲಿಕಟ್ಟೆ: ಹಣ ಎಂದರೆ ಸ್ನೇಹ ಅಲ್ಲಿಗೇ ಮುಗಿಯಿತು. ನನಗೆ ಯಾರಾದರೂ ಹಾಗೆ ನೋಟು ಎಣಿಸಿ ಕೊಟ್ಟರೆ ಅವರ ಅಂಗಳ ತುಳಿಯುವುದಿಲ್ಲ.

ಮಳೆನಾಡು ಕೃಷಿಕ: ವರ್ಷದ ಅನ್ನ ಹೋದವನಿಗೆ ನೀವು ಅದನ್ನು ಹೇಳಬಹುದೇ?

ತುಂಗೆಯ ದಂಡೆ: ಈ ಮಾತಿನಲ್ಲಿ ನನಗೂ ಖಚಿತವಿಲ್ಲ. ಒಂದು ಮಾತ್ರ ಹೇಳಬಲ್ಲೆ, ಮೊದಲ ಪತ್ರದಲ್ಲಿ ಹಣದ ಸುದ್ದಿ ಬೇಡ. ಕೊಯ್ಲು ಮುಗಿದು ನಷ್ಟ ಎಷ್ಟೆಂದು ಕಂಡ ಮೇಲೆ ಅವನೊಡನೆ ಕುಳಿತು ಕೇಳಿ.

ಸಾಗರದ ತೋಟಿಗ: ನಿನ್ನೆ ಸಂಜೆ ಜಗಲಿಕಟ್ಟೆಯವರ ಮಾತು ಕೇಳಿ ನಾನೇ ಹೋದೆ. ಪತ್ರ ಜೇಬಿನಲ್ಲಿತ್ತು, ಬಾಯಲ್ಲೇ ಹೇಳಿದೆ. ಅವನು ಅಡಿಕೆ ಕತ್ತರಿಸುತ್ತಾ ಕೇಳಿದ. “ಏಳು ದಿನ ಎಂದು ನನಗೆ ಗೊತ್ತಿತ್ತು, ನೀನು ಹೇಳುತ್ತೀಯೋ ಇಲ್ಲವೋ ಎಂದು ನೋಡುತ್ತಿದ್ದೆ” ಎಂದ. ಅಷ್ಟೇ. ಕವಳದ ತಟ್ಟೆಯನ್ನು ನನ್ನ ಕಡೆಗೆ ಸರಿಸಲಿಲ್ಲ. ಹೊರಡುವಾಗ, ಕೊನೆಗಾರ ಯಾವ ದಿನ ಸಿಗುತ್ತಾನೆ ಎಂದು ಕೇಳಿದ.