ಮೇಣದ ಅಚ್ಚಿಗೆ ‘ಓಕೆ’ ಹೇಳೋ ಮುಂಚೆ ಏನೇನು ನೋಡ್ಕೋಬೇಕು?

ಸವಿತಾ, ದಾವಣಗೆರೆ:
ಅಜ್ಜಿ ಮದುವೆ ಫೋಟೋದಲ್ಲಿ ಒಂದು ನವಿಲಿನ ಪದಕ ಐತೆ. ಪದಕ ಈಗಿಲ್ಲ, ಅದರ ಅಕ್ಕಪಕ್ಕ ಪೋಣಿಸಿದ್ದ ಗುಂಡುಗಳು ಮಾತ್ರ ಉಳಿದಿವೆ. ಅಂಥದ್ದೇ ಪದಕ 22 ಕ್ಯಾರೆಟ್‌ನಲ್ಲಿ, 12 ಗ್ರಾಂ ಒಳಗೆ ಬೇಕು ಅಂತ ನಮ್ಮ ಅಕ್ಕಸಾಲಿಗರಿಗೆ ಹೇಳಿದ್ದೆ. ಅವರು ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿಸಿ, ಬೆಂಗಳೂರಿಂದ ಮೇಣದ ಅಚ್ಚು ತರಿಸಿದಾರೆ. ವಾಟ್ಸಾಪಿನಲ್ಲಿ ಫೋಟೋ ಕಳಿಸಿ “ಓಕೆ ಹೇಳಿದ್ರೆ ನಾಳೆ ಎರಕಕ್ಕೆ ಕೊಡ್ತೀವಿ” ಅಂದ್ರು. ನೋಡೋಕೆ ಚೆಂದ ಐತೆ. ಆದ್ರೆ ಓಕೆ ಅನ್ನೋ ಮುಂಚೆ ನಾನು ಏನು ನೋಡ್ಬೇಕು ಅನ್ನೋದೇ ತಿಳೀತಿಲ್ಲ.

ಮೌನೇಶ್ (ಪತ್ತಾರ ಕೆಲಸ, ಚೌಕಿಪೇಟೆ):
ತಂಗೀ, ಫೋಟೋ ನೋಡಿ ಓಕೆ ಅನ್ನಬೇಡ್ರಿ. ಅಂಗಡಿಗೆ ಹೋಗಿ ಅಚ್ಚನ್ನ ಅಂಗೈ ಮೇಲೆ ಇಟ್ಕೊಂಡು ನೋಡ್ರಿ. ಮೇಣ ಇರೋವರೆಗೂ ತಿದ್ದೋಕೆ ಹೆಚ್ಚು ಖರ್ಚಿಲ್ಲ, ಹೆಚ್ಚಂದ್ರೆ ಇನ್ನೊಂದು ಅಚ್ಚಿನ ದುಡ್ಡು ಹೋಗುತ್ತೆ. ಎರಕ ಆದ್ಮೇಲೆ ತಿದ್ದಬೇಕಂದ್ರೆ ಕರಗಿಸಬೇಕು, ಸವಕಳಿ ಯಾರ ತಲೆ ಮೇಲೆ ಅನ್ನೋ ಜಗಳ ಬೇರೆ.

ಮೊದಲು ಕೇಳಬೇಕಾದ್ದು ಅಚ್ಚಿನ ತೂಕ. ನಿಮ್ಮ ಮುಂದೆಯೇ ತೂಗಿಸ್ರಿ. ಮೇಣ ಹೆಚ್ಚುಕಡಿಮೆ ನೀರಿನಷ್ಟೇ ತೂಕದ್ದು, 22 ಕ್ಯಾರೆಟ್ ಚಿನ್ನ ಅದರ ಹದಿನೆಂಟರಷ್ಟು ಭಾರ. ಅಚ್ಚಿನ ತೂಕಕ್ಕೆ 18ರಿಂದ ಗುಣಿಸಿದ್ರೆ ಎರಕದ ತೂಕ ಅಲ್ಲೇ ಗೊತ್ತಾಗುತ್ತೆ. ಎರಕ ಹೊಯ್ಯೋಕೆ ಅಂಟಿಸೋ ಕಾಲು ಇದರಲ್ಲಿ ಬರಲ್ಲ, ಅದನ್ನ ಆಮೇಲೆ ಕತ್ತರಿಸಿ ತೆಗೀತಾರೆ. ಅರ, ಪಾಲಿಷ್ ಅಂತ ಇನ್ನೊಂಚೂರು ಸವೆಯುತ್ತೆ. ತೂಕ ಎಷ್ಟು ಬಂತು ಅಂತ ಇಲ್ಲಿ ಹಾಕ್ರಿ.

ಎರಡನೇದು ಅಳತೆ. ಫೋಟೋದಿಂದ ಅಳತೆ ಹೆಂಗೆ ತೆಗೆದ್ರು ಅಂತ ಕೇಳಿದ್ರಾ?

ಸವಿತಾ:
ಅಜ್ಜಿ ಕೈಬಳೆ ಮನೇಲೈತೆ ಅಣ್ಣ. ಅದನ್ನ ಅಳೆದು, ಫೋಟೋದಲ್ಲಿರೋ ಬಳೆಗೆ ಹೋಲಿಸಿ ಪದಕದ ಅಗಲ 30 ಮಿಲಿಮೀಟರ್ ಅಂದ್ರು.

ಮೌನೇಶ್:
ಅಲ್ಲೇ ಎಡವಟ್ಟು ಆಗಿರಬಹುದು. ಮದುವೆ ಫೋಟೋದಲ್ಲಿ ಕೈ ಮಡಿಲ ಮೇಲೆ ಇರುತ್ತೆ, ಅಂದ್ರೆ ಎದೆಗಿಂತ ಕ್ಯಾಮೆರಾಕ್ಕೆ ಹತ್ತಿರ. ಹತ್ತಿರದ ಬಳೆ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ, ಅದನ್ನೇ ಅಳತೆಗೋಲು ಮಾಡ್ಕೊಂಡ್ರೆ ಪದಕ ಸಣ್ಣದಾಗುತ್ತೆ. ಪದಕದ ಪಕ್ಕದಲ್ಲೇ ಇದ್ದ ಗುಂಡು ನಿಮ್ಮ ಹತ್ರ ಐತಲ್ಲ, ಅದಕ್ಕಿಂತ ಒಳ್ಳೇ ಅಳತೆ ಇನ್ನೇನು ಬೇಕು? ಒಂದು ಗುಂಡನ್ನ ಅಳೆದು, ಫೋಟೋದಲ್ಲಿ ಪದಕದ ಅಗಲಕ್ಕೆ ಎಷ್ಟು ಗುಂಡು ಹಿಡಿಯುತ್ತೆ ಅಂತ ನೋಡ್ರಿ.

ರಾಘು (ಆಭರಣ ಅಂಗಡಿಯಲ್ಲಿ ಕೆಲಸ, ಹರಿಹರ):
18ರಿಂದ ಗುಣಿಸೋದು ಸರಿ. ಯಾವ ಅಚ್ಚಾದ್ರೂ 18, ಕಣ್ಣು ಮುಚ್ಚಿ ಹೇಳಬಹುದು. ಇನ್ನೊಂದು ಮಾತು, ಎರಕದ ಒಡವೆ ಅಂದ್ರೆ ಗಟ್ಟಿ ಬರಲ್ಲ. ತಗಡು ಬಡಿದು ಮಾಡಿದ ಕೈಕೆಲಸದಷ್ಟು ಬಾಳಿಕೆ ಅದಕ್ಕಿಲ್ಲ.

ಮೌನೇಶ್:
ರಾಘು, ಯಾವ ಅಚ್ಚಾದ್ರೂ ಅನ್ನಬೇಡಪ್ಪ. ಈಗ ಮೆಷಿನ್ನಿಂದ ಬರೋವು ಎಲ್ಲಾ ಮೇಣ ಅಲ್ಲ, ಕೆಲವು ರಾಳದವು. ಅದನ್ನ ರೆಸಿನ್ ಅಂತಾರೆ, ಮೇಣಕ್ಕಿಂತ ಭಾರ. ಅದಕ್ಕೆ 15–16 ಹಾಕಬೇಕು. 18 ಹಾಕಿದ್ರೆ ಗಿರಾಕಿಗೆ ಸುಮ್ಮನೆ ಗಾಬರಿ. ಇನ್ನು 18 ಕ್ಯಾರೆಟ್ ಚಿನ್ನ 22ಕ್ಕಿಂತ ಹಗುರ, ಅದರ ಲೆಕ್ಕ ಇನ್ನೂ ಕಡಿಮೆ ಬರುತ್ತೆ.

ಗಟ್ಟಿತನದ ಮಾತು ಅರ್ಧ ಒಪ್ತೀನಿ. ಬಡಿದ ತಗಡು ಗಡುಸು, ನಿಜ. ತೆಳು ಬಳೆ, ಕೊಂಡಿ, ತಿರುಪು ಇಂಥವಕ್ಕೆ ಕೈಕೆಲಸವೇ ಸರಿ. ಉಬ್ಬು ಕೆಲಸದ ನವಿಲಿಗೆ ಎರಕ ಮಾಡಿದ್ರೆ ಏನೂ ಕೊರತೆ ಇಲ್ಲ, ದಪ್ಪ ಸರಿಯಾಗಿ ಇಟ್ಟಿದ್ರೆ.

ಗಿರಿಜಾ (ಚಿತ್ರದುರ್ಗ):
ನಂದೂ ಇದೇ ಕಥೆ. ಲಕ್ಷ್ಮೀ ಬಜಾರಲ್ಲಿ ಉಂಗುರಕ್ಕೆ ಕೊಟ್ಟಿದ್ದೆ. ಮೇಣದ್ದು ಬೆರಳಿಗೆ ಹಾಕಿ ನೋಡೋಣ ಅಂತ ಹೋದ್ರೆ ಪಟ್ ಅಂತ ಮುರೀತು! ಅಂದ್ರೆ ಡಿಸೈನೇ ಸರಿ ಇರಲಿಲ್ಲ ಅಂತಾನಾ?

ಮೌನೇಶ್:
ಇಲ್ಲಮ್ಮ, ಅಚ್ಚು ಇರೋದೇ ಹಂಗೆ, ಪಟಕ್ಕನೆ ಮುರಿಯುತ್ತೆ. ಮುರಿದಿದ್ದಕ್ಕೂ ಡಿಸೈನಿಗೂ ಸಂಬಂಧ ಇಲ್ಲ. ಉಂಗುರದ ಅಳತೆಯನ್ನ ಅಳತೆ ಉಂಗುರಗಳ ಗೊಂಚಲಲ್ಲೇ ನೋಡಬೇಕು, ಅಚ್ಚಿನಲ್ಲಿ ಅಲ್ಲ.

ಸವಿತಾ:
ಹೋಗಿ ಬಂದೆ ಅಣ್ಣ. ಅಚ್ಚು ಮೇಣದ್ದೇ ಅಂದ್ರು. ಗುಂಡು 6 ಮಿಲಿಮೀಟರ್ ಐತೆ, ಫೋಟೋದಲ್ಲಿ ಪದಕದ ಅಗಲಕ್ಕೆ ಆರು ಗುಂಡು ಸರಿಯಾಗಿ ಕೂತ್ವು. ಅಲ್ಲಿಗೆ 36. ಅವರು ಮಾಡಿಸಿದ್ದು 30! ಆದ್ರೆ ಆ 30ರ ಅಚ್ಚೇ 0.85 ಗ್ರಾಂ ತೂಗ್ತು. 18ರಿಂದ ಗುಣಿಸಿದ್ರೆ 15.3 ಗ್ರಾಂ. ದೊಡ್ಡದು ಮಾಡಿಸಿದ್ರೆ 12ರ ಒಳಗೆ ಎಲ್ಲಿ ಬರುತ್ತೆ? ಅವರು “ಹಂಗಾದ್ರೆ ಸಣ್ಣದೇ ಇರಲಿ ಬಿಡಿ” ಅಂತಿದಾರೆ.

ಮೌನೇಶ್:
ಬರುತ್ತೆ. ಅಚ್ಚು ಮಗುಚಿ ಹಿಂಭಾಗ ನೋಡಿದ್ರಾ? ನನ್ನ ಅಂದಾಜು, ಹಿಂದೆ ಸಪಾಟಾಗಿ ಮುಚ್ಚಿರುತ್ತೆ, ನವಿಲಿನ ಹೊಟ್ಟೆ ಪೂರ್ತಿ ಗಟ್ಟಿ ಇರುತ್ತೆ. ಫೋಟೋದಲ್ಲಿ ಮುಂಭಾಗ ಮಾತ್ರ ಕಾಣುತ್ತೆ, ದಪ್ಪ ಕಾಣಲ್ಲ. ಡಿಸೈನ್ ಮಾಡೋ ಹುಡುಗರು ಮುಂದೆ ಚೆಂದ ಉಬ್ಬಿಸಿ, ಒಳಗೆ ತುಂಬಿ ಬಿಡ್ತಾರೆ. ಆ ತುಂಬಿದ ಜಾಗವೆಲ್ಲ ನಿಮ್ಮ ಚಿನ್ನ.

ಹಿಂದಿನಿಂದ ತೋಡಿಸ್ರಿ. ಮೈಯಲ್ಲಿ ಎಲ್ಲಾ ಕಡೆ ಒಂದು ಮಿಲಿಮೀಟರ್ ಹತ್ತಿರ ದಪ್ಪ ಉಳಿದ್ರೆ ಸಾಕು. ಗರಿಯ ಅಂಚು 0.8ಕ್ಕಿಂತ ಕೆಳಗೆ ಹೋಗೋದು ಬೇಡ. 22 ಕ್ಯಾರೆಟ್ ಮೆತ್ತಗೆ, ಅದಕ್ಕಿಂತ ತೆಳುವಾದ್ರೆ ಸೆರಗಿಗೆ ಸಿಕ್ಕಿ ಬಾಗುತ್ತೆ. ಕೆಂಪು ಕಲ್ಲು ಕೂರೋ ಕಡೆ ಮಾತ್ರ ತೋಡಬಾರದು, ಕಲ್ಲು ಕೂರಿಸೋನು ಅಲ್ಲಿ ಇನ್ನೊಂದಿಷ್ಟು ಕೊರೆಯುತ್ತಾನೆ, ಅವನಿಗೆ ದಪ್ಪ ಬೇಕು.

ಗುರಿ ಹೀಗಿಟ್ಕೊಳ್ರಿ: ಹೊಸ ಅಚ್ಚು 36ರ ಅಗಲದಲ್ಲಿ 0.7 ಗ್ರಾಂ ಸುತ್ತಮುತ್ತ ಇರಲಿ. ಎರಕ 12.6 ಗ್ರಾಂ ಬರುತ್ತೆ, ಅರ ಪಾಲಿಷ್ ಮುಗಿದು 12ರ ಆಸುಪಾಸಿಗೆ ನಿಲ್ಲುತ್ತೆ. ಅದಕ್ಕೂ ಮೀರಿದ್ರೆ ಗರಿಗಳ ನಡುವೆ ಜಾಲಿ ಬಿಡಿಸ್ರಿ, ಅಗಲ ಕಡಿಮೆ ಮಾಡಬೇಡ್ರಿ. ಕಲ್ಲಿನ ತೂಕ ಬೇರೆ. ಕೂರಿಸೋ ಮುಂಚೆ ಕಲ್ಲು ತೂಗಿಸಿ ಬರೆಸ್ಕೊಳ್ರಿ, ಐದು ಕ್ಯಾರೆಟ್ ಕಲ್ಲು ಅಂದ್ರೆ ಒಂದು ಗ್ರಾಂ. ಅದನ್ನ ಚಿನ್ನದ ದರದಲ್ಲಿ ಕೊಡಬಾರದು.

ಇನ್ನೊಂದು ಪರೀಕ್ಷೆ ಐತೆ, ಯಾರೂ ಮಾಡಲ್ಲ. ಅಚ್ಚಿನ ಕೊಂಡಿಗೆ ದಾರ ಹಾಕಿ, ಹುಷಾರಾಗಿ ಮೆಲ್ಲಗೆ ತೂಗಬಿಡ್ರಿ. ಮುಖ ನೆಲದ ಕಡೆ ವಾಲಿದ್ರೆ ಕೊಂಡಿ ತೀರಾ ಹಿಂದೆ ಐತೆ ಅಂತ ಅರ್ಥ. ಮೇಣವೇನು ಚಿನ್ನವೇನು, ಇಡೀ ಪದಕ ಒಂದೇ ವಸ್ತುವಾದ್ದರಿಂದ ಮೇಣ ವಾಲಿದ ಹಾಗೆಯೇ ಚಿನ್ನವೂ ವಾಲುತ್ತೆ. ಮುಂದೆ ಕಲ್ಲು ಕೂತರೆ ಇನ್ನೊಂಚೂರು ಹೆಚ್ಚೇ. ಪಾಲಿಷ್ ಆಗಿ ಬಂದ ಪದಕ ಕೊರಳಲ್ಲಿ ಮುಖ ಅಡಿ ಮಾಡಿ ಕೂತಾಗ ಏನು ಮಾಡ್ತೀರಿ?

ರಾಘು:
ಇದು ನನಗೂ ಹೊಸದು ಮೌನೇಶಣ್ಣ. ಗರಿಯ ಗೆರೆಗಳ ಬಗ್ಗೆನೂ ಹೇಳಿ. ಮೊಬೈಲಲ್ಲಿ ದೊಡ್ಡದು ಮಾಡಿ ನೋಡಿದಾಗ ಎಷ್ಟು ಚೆಂದ ಇರುತ್ತೆ, ಒಡವೆ ಬಂದಾಗ ಒಂದೂ ಕಾಣಲ್ಲ.

ಮೌನೇಶ್:
ಪಾಲಿಷ್ ತಿಂದು ಹಾಕುತ್ತೆ. ಕೂದಲೆಳೆಯಂಥ ಗೆರೆಗಳು ಅಚ್ಚಿನಲ್ಲಿ ಕಂಡ್ರೂ ಬುರುಸಿಗೆ ಉಳಿಯಲ್ಲ. ಅಚ್ಚನ್ನ ಕೈ ಚಾಚಿದಷ್ಟು ದೂರ ಹಿಡಿದು ನೋಡಬೇಕು. ಅಲ್ಲಿಂದ ಕಾಣದ ಗೆರೆಯನ್ನ ಆಳ ಮಾಡಿಸಬೇಕು, ಇಲ್ಲ ಎರಕದ ಮೇಲೆ ಕೈಯಿಂದ ಕೆತ್ತಿಸಬೇಕು. ನಾನಾದ್ರೆ ಗರಿ ಕೈಯಲ್ಲೇ ಕೆತ್ತುತ್ತೀನಿ, ಹೊಳಪು ಬೇರೆಯೇ ಬರುತ್ತೆ. ಮಜೂರಿ ಸ್ವಲ್ಪ ಜಾಸ್ತಿ.

ಸವಿತಾ:
ಎರಕ ಆದ್ಮೇಲೂ ಒಂದ್ಸಲ ನೋಡಬೇಕಾ?

ಮೌನೇಶ್:
ನೋಡ್ಲೇಬೇಕು, ಕಲ್ಲು ಕೂರಿಸೋ ಮುಂಚೆ. ಅಚ್ಚನ್ನ ಪ್ಲಾಸ್ಟರ್‌ನಲ್ಲಿ ಹೂತು ರಾತ್ರಿಯೆಲ್ಲ ಕುಲುಮೆಯಲ್ಲಿ ಕಾಯಿಸ್ತಾರೆ, ಮೇಣ ಉರಿದು ಹೋಗುತ್ತೆ, ಆ ಖಾಲಿ ಜಾಗಕ್ಕೆ ಚಿನ್ನ ಹೊಯ್ತಾರೆ. ಅಚ್ಚು ಅಲ್ಲಿಗೆ ಮುಗೀತು. ಎರಕ ಕೆಟ್ರೆ ಇನ್ನೊಂದು ಅಚ್ಚು ಬೇಕು, ಅದರ ಖರ್ಚು ಯಾರದ್ದು ಅಂತ ಈಗಲೇ ಕೇಳಿಡ್ರಿ.

ಎರಕದ ಬಣ್ಣ ಮಂಕಾಗಿರುತ್ತೆ, ಅದಕ್ಕೆ ಹೆದರಬೇಡ್ರಿ. ಒಂದು ಸಲ ಮೇಲೆ ಮೇಲೆ ಉಜ್ಜಿಸಿ, ಭೂತಗನ್ನಡಿ ಹಿಡಿದು ದಪ್ಪ ಜಾಗಗಳನ್ನೂ ಕಾಲು ಕತ್ತರಿಸಿದ ಜಾಗವನ್ನೂ ನೋಡ್ರಿ. ಸೂಜಿ ಚುಚ್ಚಿದಂಥ ತೂತುಗಳು ಒಂದೋ ಎರಡೋ ಇದ್ರೆ ತುಂಬ್ತಾರೆ, ಪರವಾಗಿಲ್ಲ. ಗುಂಪು ಗುಂಪಾಗಿದ್ರೆ ಒಳಗೂ ಹಂಗೇ ಇರುತ್ತೆ, ಉಜ್ಜಿದಷ್ಟೂ ಹೊಸವು ಬರ್ತವೆ. ಅಂಥದ್ದನ್ನ ಮತ್ತೆ ಎರಕ ಹೊಯ್ಯೋಕೆ ಹೇಳ್ರಿ.

ಕೊನೆಗೆ ಹಾಲ್‌ಮಾರ್ಕ್. ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಹಿಂದೆ ಇರಬೇಕು, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದ್ರೆ ಶುದ್ಧತೆ ತೋರಿಸುತ್ತೆ.

ಗಿರಿಜಾ:
ಅಜ್ಜಿ ಗುಂಡು ಐತಲ್ಲ ಸವಿತಾ, ಅವನ್ನೇ ಕರಗಿಸಿ ಪದಕ ಮಾಡಿಸಬಾರದಾ? ಅದೇ ಚಿನ್ನ ಅಂತ ಒಂದು ಸಮಾಧಾನ.

ಮೌನೇಶ್:
ಬೇಡ ಅಂತೀನಿ. ಹಳೇ ಗುಂಡಿನಲ್ಲಿ ಬೆಸುಗೆ ಇರುತ್ತೆ, ಒಳಗೆ ಅರಗು ತುಂಬಿರಬಹುದು. ಹಂಗೇ ಕರಗಿಸಿ ಹೊಯ್ದ್ರೆ ತೂತು ಬೀಳುತ್ತೆ, 916ಕ್ಕೆ ನಿಲ್ಲದೇ ಹಾಲ್‌ಮಾರ್ಕಲ್ಲಿ ವಾಪಸ್ ಬರುತ್ತೆ. ಮೊದಲು ಶುದ್ಧಿ ಮಾಡಿಸಿ, ಆಮೇಲೆ ತಾಮ್ರ ಬೆಳ್ಳಿ ಬೆರೆಸಿ ಹೊಯ್ಯಬೇಕು.

ಗಿರಿಜಾ:
ಶುದ್ಧಿ ಮಾಡಿಸಿದ್ರೂ ಅದೇ ಚಿನ್ನ ವಾಪಸ್ ಬಂತು ಅಂತ ಯಾರು ನಂಬ್ತಾರೆ? ಎಲ್ಲರದ್ದೂ ಒಟ್ಟಿಗೆ ಹಾಕ್ತಾರೆ.

ಮೌನೇಶ್:
ಅದು ನಿಜ. ಬೇರೆಯಾಗಿ ಮಾಡಿಕೊಡಿ ಅಂದ್ರೆ ಕೆಲವರು ಒಪ್ತಾರೆ, ಇಷ್ಟು ಕಡಿಮೆ ತೂಕಕ್ಕೆ ಬಹಳ ಜನ ಒಲ್ಲೆ ಅಂತಾರೆ.

ರಾಘು:
ನಮ್ಮಲ್ಲಿ ಮನೆಯವರನ್ನ ಎದುರಿಗೆ ಕೂರಿಸ್ಕೊಂಡೇ ಕರಗಿಸಿ ಕೊಡ್ತೀವಿ. ಶುದ್ಧಿ ಗಿದ್ಧಿ ಏನೂ ಮಾಡಲ್ಲ, ಇಲ್ಲೀವರೆಗೆ ಯಾರೂ ತಕರಾರು ತಂದಿಲ್ಲ.

ಮೌನೇಶ್:
ತಗಡು ಬಡಿಯೋಕೆ ನಡೆಯುತ್ತೆ ರಾಘು, ಎರಕಕ್ಕೆ ನಾನು ಒಪ್ಪಲ್ಲ.

ಸವಿತಾ:
ಗುಂಡು ಮುಟ್ಟಲ್ಲ ಅಕ್ಕ, ಪದಕದ ಪಕ್ಕದಲ್ಲೇ ಪೋಣಿಸ್ಬೇಕು ಅಂತಿದೀನಿ. ಅಮ್ಮ ಮಾತ್ರ ಒಂದೆರಡು ಗುಂಡಾದ್ರೂ ಸೇರ್ಸು ಅಂತಾಳೆ. ಮೌನೇಶಣ್ಣ, ಹೊಸ ಅಚ್ಚಿಗೆ ಹೇಳಿ ಬಂದೆ. ಹಿಂದೆ ತೋಡಿ, 36ರ ಅಗಲ, 0.7ರ ಒಳಗೆ, ಕೊಂಡಿ ಮುಂದಕ್ಕೆ, ಎಲ್ಲಾ ಚೀಟಿ ಮೇಲೆ ಬರೆಸ್ಕೊಂಡಿದೀನಿ. ಎರಡನೇ ಅಚ್ಚಿನ ದುಡ್ಡು ಮಾತ್ರ ನಾನೇ ಕೊಡಬೇಕಂತೆ.

ಮೌನೇಶ್:
30 ಅಂತ ಅಳತೆ ತೆಗೆದವರು ಅವರೇ ಅಲ್ವಾ? ಅರ್ಧ ಅವರು ಹಾಕ್ಕೊಳ್ಳಲಿ, ಕೇಳ್ರಿ.