ಅಪ್‌ಡೇಟ್: ಸೈಕಲ್ ಕ್ಲಬ್ ವೆಬ್‌ಸೈಟ್, ಪಾಸ್‌ವರ್ಡ್ ಇದ್ದರೂ ಒಳಗೆ ಹೋಗಲಾಗಲಿಲ್ಲ

ನಾನು ಕೇಳಿದ್ದು: "ವಿಜಯಪುರದ ನಮ್ಮ ಸೈಕಲ್ ಕ್ಲಬ್‌ನ ವೆಬ್‌ಸೈಟ್ ಈಗ ನನ್ನ ಕೈಗೆ ಬಂದಿದೆ. ಹಿಂದಿನವರು ಪಾಸ್‌ವರ್ಡ್‌ಗಳನ್ನೆಲ್ಲ ಬರೆದುಕೊಟ್ಟಿದ್ದಾರೆ, ಅಷ್ಟು ಸಾಕಾ?"

ಸಾಕಾಗಲಿಲ್ಲ. ಡೊಮೈನ್ ಖಾತೆಯ ಪಾಸ್‌ವರ್ಡ್ ಸರಿ ಇತ್ತು, ಆದರೆ ಒಟಿಪಿ ಹೋಗಿದ್ದು ಹಿಂದಿನ ಅಣ್ಣನ ಹಳೇ ನಂಬರಿಗೆ, ಆ ಸಿಮ್ ಬಂದ್ ಆಗಿ ವರ್ಷವಾಗಿದೆ. ರಿನ್ಯೂವಲ್ ನೆನಪಿಸುವ ಮೇಲ್‌ಗಳೂ ಅವರು ಈಗ ತೆರೆಯದ ಸ್ವಂತ ಮೇಲ್‌ಗೇ ಬರುತ್ತಿದ್ದವು. ಗಾಬರಿಯಾಗಿ ಟರ್ಮಿನಲ್‌ನಲ್ಲಿ `whois` ಮುಂದೆ ನಮ್ಮ ಡೊಮೈನ್ ಹೆಸರು ಹಾಕಿ `Registry Expiry Date` ಸಾಲು ನೋಡಿದೆ. ಉಳಿದಿದ್ದು 19 ದಿನ! ಹೋಸ್ಟಿಂಗ್ ಹಣ ಮೊನ್ನೆಯೇ ಕಟ್ಟಿದ್ದೆವು, ಆದರೆ ಡೊಮೈನ್ ಬಿಲ್ ಬೇರೆ ಅಲ್ವಾ, ಅದು ಹೋದರೆ ಸೈಟೂ ಕಾಣಲ್ಲ, ಆ ಹೆಸರಿನ ಇಮೇಲೂ ಬರಲ್ಲ.

ಅಣ್ಣನ ಗುರುತಿನ ಚೀಟಿ, ಹಳೇ ರಸೀದಿ ಕಳಿಸಿ ಖಾತೆ ವಾಪಸ್ ಸಿಗಲು 6 ದಿನ ಹಿಡಿಯಿತು. ಒಳಗೆ ಹೋದರೆ ಆಟೋ ರಿನ್ಯೂ ಆನ್ ಇದೆ, ಅದಕ್ಕೆ ಕೊಟ್ಟ ಕಾರ್ಡ್ ಮಾತ್ರ ಅವಧಿ ಮುಗಿದದ್ದು.

ಈಗ ನನ್ನ ನೋಟ್ಸ್‌ನಲ್ಲಿ ಪ್ರತಿ ಲಾಗಿನ್ ಮುಂದೆ ಒಟಿಪಿ ಯಾರಿಗೆ ಹೋಗುತ್ತದೆ, ಯಾರ ಕಾರ್ಡ್, ರಿನ್ಯೂವಲ್ ಯಾವ ದಿನ ಅಂತ ಬರೆದಿದ್ದೇನೆ. ಪಾಸ್‌ವರ್ಡ್ ಅಲ್ಲಿಲ್ಲ, ಅವು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿವೆ. ಖಾತೆಯ ಮೇಲ್ ಈಗ ಕ್ಲಬ್ಬಿನ ಜಿಮೇಲ್, ಸುಮ್ನೆ ನಮ್ಮದೇ ಡೊಮೈನಿನ ಮೇಲ್ ಕೊಟ್ಟಿದ್ದರೆ ಮತ್ತೆ ಅದೇ ಕಥೆ. ತಿಂಗಳ ಮೊದಲ ಭಾನುವಾರ ರೈಡ್ ಮುಗಿಸಿ ಬಂದು ಬ್ಯಾಕಪ್ ಇಳಿಸಿಕೊಳ್ಳುತ್ತೇನೆ.